ಎಕ್ಸ್‌ಪೈರಿ ವಾರದಲ್ಲಿ "ಲಾಂಗ್ ಬಿಲ್ಡಪ್" ಅಂತ ಸ್ಕ್ರೀನ್‌ಶಾಟ್ ಬಂದ್ರೆ ಹುಷಾರು

ದುಡ್ಡು ಕೊಟ್ಟು ಸೇರ್ಕೊಂಡಿದ್ದ ಒಂದು ಟಿಪ್ಸ್ ಗ್ರೂಪ್‌ನಲ್ಲಿ, ಎಕ್ಸ್‌ಪೈರಿ ಹತ್ರ ಇದ್ದಾಗ, ಒಂದು ಸ್ಟಾಕ್ ಫ್ಯೂಚರ್‌ದು ಸ್ಕ್ರೀನ್‌ಶಾಟ್ ಹಾಕಿದ್ರು. ಬೆಲೆ 500ರಿಂದ 512, ಓಪನ್ ಇಂಟರೆಸ್ಟ್ ಅಥವಾ ಓಐ, ಅಂದ್ರೆ ಇನ್ನೂ ಮುಗಿಸದೆ ಬಾಕಿ ಇರೋ ಪೊಸಿಷನ್‌ಗಳ ಲೆಕ್ಕ, 110 ಪರ್ಸೆಂಟ್ ಜಾಸ್ತಿ, ಕೆಳಗೆ ದಪ್ಪಕ್ಷರದಲ್ಲಿ "ಭರ್ಜರಿ ಲಾಂಗ್ ಬಿಲ್ಡಪ್". ಬೆಲೆನೂ ಓಐನೂ ಒಟ್ಟಿಗೆ ಏರಿದ್ರೆ ಹೊಸ ದುಡ್ಡು ಬರ್ತಿದೆ ಅನ್ನೋದು ಎಲ್ರಿಗೂ ಗೊತ್ತಿರೋ ಲೆಕ್ಕ ತಾನೇ, ಗ್ರೂಪ್‌ನಲ್ಲಿ ಸುಮಾರು ಜನ ತಗೊಂಡ್ವಿ. ಮಾರನೇ ದಿನ 515ಕ್ಕೆ ಓಪನ್ ಆಯ್ತು, ಆಮೇಲೆ ಕೊಳ್ಳೋರೇ ಇಲ್ಲ, ಎಕ್ಸ್‌ಪೈರಿ ಮುಗಿಯೋಷ್ಟ್ರಲ್ಲಿ 496.

ಅವ್ರು ತೋರಿಸಿದ್ದು ಸುಳ್ಳು ಅಂಕಿ ಅಲ್ಲ, ಅರ್ಧ ಅಂಕಿ. ಅದು ಮುಂದಿನ ತಿಂಗಳ ಕಾಂಟ್ರ್ಯಾಕ್ಟ್‌ದು ಮಾತ್ರ, 20 ಲಕ್ಷ ಷೇರಿಂದ 42 ಲಕ್ಷಕ್ಕೆ ಹೋಗಿತ್ತು. ಅದೇ ದಿನ ಈ ತಿಂಗಳ ಕಾಂಟ್ರ್ಯಾಕ್ಟ್‌ನಲ್ಲಿ 80 ಲಕ್ಷ ಇದ್ದದ್ದು 50 ಲಕ್ಷಕ್ಕೆ ಇಳಿದಿತ್ತು, ಅದನ್ನ ಯಾರೂ ತೋರಿಸ್ಲಿಲ್ಲ. ಎರಡೂ ಕೂಡಿಸಿ ನೋಡಿ: 100 ಲಕ್ಷ ಇದ್ದದ್ದು 92 ಲಕ್ಷ. ಬೆಲೆ ಮೇಲೆ, ಒಟ್ಟು ಓಐ ಕೆಳಗೆ. ಅಂದ್ರೆ ಶಾರ್ಟ್ ಕವರಿಂಗ್, ಬೆಲೆ ಇಳಿಯುತ್ತೆ ಅಂತ ಮೊದಲೇ ಮಾರಿದ್ದೋರು ವಾಪಸ್ ಕೊಂಡು ಹೊರಬೀಳೋದು. ಮುಂದಿನ ತಿಂಗಳಲ್ಲಿ ಕಂಡ 22 ಲಕ್ಷದ ಬಹುಪಾಲು ಹಳೇ ಪೊಸಿಷನ್‌ಗಳೇ ರೋಲ್‌ಓವರ್ ಆಗಿ ಮನೆ ಬದಲಾಯಿಸಿದ್ದು ಅಷ್ಟೇ.

ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ಶಾರ್ಟ್ ಮಾಡಿದೋರು ವಾಪಸ್ ಕೊಳ್ಳೋದು ಇಷ್ಟ ಇದ್ದು ಅಲ್ಲ, ಹೊರಗೆ ಬರೋಕೆ. ಅವ್ರು ಕೊಂಡು ಮುಗಿಸಿದ ತಕ್ಷಣ ಬೆಲೆ ಏರಿಸ್ತಿದ್ದ ಆ ಡಿಮ್ಯಾಂಡ್ ನಿಂತೋಗತ್ತೆ, ಆಮೇಲೆ ಹೊಸ ಕೊಳ್ಳೋರು ಬರ್ದೇ ಇದ್ರೆ ಬೆಲೆ ಹಿಡಿದು ನಿಲ್ಲಿಸೋಕೆ ಯಾರೂ ಇರಲ್ಲ.

ಇನ್ನೊಂದು ಸುಳಿವೂ ಅವತ್ತು ಕಣ್ಮುಂದೇನೇ ಇತ್ತು. ಬೆಳಿಗ್ಗೆ ಮುಂದಿನ ತಿಂಗಳ ಫ್ಯೂಚರ್ ಈ ತಿಂಗಳದ್ದಕ್ಕಿಂತ 4 ಪಾಯಿಂಟ್ ಮೇಲಿತ್ತು, ಸಂಜೆಗೆ 1 ಪಾಯಿಂಟ್. ಶಾರ್ಟ್‌ನ ರೋಲ್ ಮಾಡೋನು ಈ ತಿಂಗಳದ್ದನ್ನ ಕೊಂಡು ಮುಂದಿನದ್ದನ್ನ ಮಾರ್ತಾನೆ, ಹಾಗಾಗಿ ಆ ಅಂತರ ಕುಗ್ಗತ್ತೆ. ಲಾಂಗ್ ರೋಲ್ ಜಾಸ್ತಿ ಇದ್ರೆ ಹಿಗ್ಗತ್ತೆ. ಅಂದ್ರೆ ಶಾರ್ಟ್‌ಗಳು ಪೂರ್ತಿ ಓಡಿಹೋಗಿರ್ಲಿಲ್ಲ, ಒಂದಷ್ಟು ಜನ ಮುಂದಿನ ತಿಂಗಳಿಗೂ ಶಾರ್ಟ್ ಹೊತ್ಕೊಂಡು ಹೋಗ್ತಿದ್ರು. (ಡಿವಿಡೆಂಡ್ ಘೋಷಣೆ ಇದ್ರೂ ಈ ಅಂತರ ಕುಗ್ಗಬಹುದು, ಅದನ್ನೂ ಒಮ್ಮೆ ನೋಡ್ಕೊಳಿ.)

ಎಲ್ಲಾ ತಿಂಗಳ ಓಐ ಕೂಡಿಸಿದ್ರೂ ಅದು ಊಹೆನೇ. ಒಂದೊಂದು ಕಾಂಟ್ರ್ಯಾಕ್ಟ್‌ಗೂ ಒಬ್ಬ ಕೊಂಡೋನು ಒಬ್ಬ ಮಾರಿದೋನು ಇದ್ದೇ ಇರ್ತಾರೆ, ಯಾರು ಅವಸರದಲ್ಲಿದ್ರು ಅನ್ನೋದನ್ನ ಬೆಲೆ ನೋಡಿ ಅಂದಾಜು ಮಾಡ್ಬೇಕು. ಆದ್ರೆ ಒಂದೇ ತಿಂಗಳ ಪರ್ಸೆಂಟ್ ತೋರಿಸಿ ಬಿಲ್ಡಪ್ ಅನ್ನೋರನ್ನ "ಒಟ್ಟು ಓಐ ಎಷ್ಟು?" ಅಂತ ಕೇಳಿ. ನಾನು ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ, ಗ್ರೂಪಿಂದ ತೆಗೆದ್ರು.