ಗೂಗಲ್ ಫಾಂಟ್ಸ್‌ನ ಕನ್ನಡ ಅಕ್ಷರಗಳು: ಗಿರಾಕಿಗಳ ಕೆಲಸಕ್ಕೆ ಮೂರು ವರ್ಷ ಬಳಸಿದ ಮೇಲೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಚಿಕ್ಕ ಡಿಸೈನ್ ಅಂಗಡಿ ಇದೆ. ಮದುವೆ ಕಾರ್ಡ್, ಅಂಗಡಿ ಬೋರ್ಡ್, ಸ್ವೀಟ್ ಡಬ್ಬಿ, ಇಳಕಲ್ ಸೀರೆ ಅಂಗಡಿಗಳ ಕವರ್, ಇವೇ ಜಾಸ್ತಿ ಬರುವ ಕೆಲಸ. ಮೂರು ವರ್ಷದಿಂದ ದುಡ್ಡು ತಗೊಂಡು ಮಾಡುವ ಪ್ರತಿ ಕೆಲಸಕ್ಕೂ ಉಚಿತ ಫಾಂಟ್ ಸೈಟ್ ಆದ ಗೂಗಲ್ ಫಾಂಟ್ಸ್‌ನ ಅಕ್ಷರಗಳನ್ನೇ ಬಳಸುತ್ತಿದ್ದೇನೆ. ಅಂದಚೆಂದದ ಮಾತು ಆಮೇಲೆ. ಮೊದಲು ಲೈಸೆನ್ಸ್ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಾನು ಇಲ್ಲಿಗೆ ಬಂದದ್ದೇ ಅದಕ್ಕಾಗಿ.

ಅದಕ್ಕೂ ಮುಂಚೆ ಅಮೀನಗಡದ ಒಬ್ಬ ಕಾಕಾಗೆ ಕರದಂಟಿನ ಡಬ್ಬಿ ಮಾಡಿಕೊಟ್ಟಿದ್ದೆ. ಬ್ರ್ಯಾಂಡ್ ಹೆಸರನ್ನು ಇಂಗ್ಲಿಷಿನಲ್ಲಿ, ಕೈಬರಹದಂಥ ಒಂದು ಫಾಂಟಿನಲ್ಲಿ ಬರೆದಿದ್ದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಫಾಂಟ್ ಅದು. ಜಿಪ್ ಫೈಲಿನೊಳಗೆ ಫಾಂಟಿನ ಜೊತೆ ಚಿಕ್ಕದೊಂದು ಟೆಕ್ಸ್ಟ್ ಫೈಲೂ ಇತ್ತು. ಸ್ವಂತ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕಾದರೆ ಲೈಸೆನ್ಸ್ ಕೊಳ್ಳಬೇಕು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ನಾನು ಅದನ್ನು ತೆರೆದೇ ನೋಡಿರಲಿಲ್ಲ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಕಾಕಾನ ಮಗ ಆನ್‌ಲೈನ್ ಮಾರಾಟಕ್ಕೆ ವೆಬ್‌ಸೈಟ್ ಮಾಡಿಸಿದ. ಸೈಟ್ ಮಾಡುವ ಹುಡುಗ ಡಬ್ಬಿಯ ಫಾಂಟ್ ಕೇಳಿದ, ನಾನು ಫೈಲನ್ನು ಹಾಗೆಯೇ ಮೇಲ್ ಮಾಡಿದೆ. ಅವನು ಅದನ್ನು ಸರ್ವರಿಗೆ ಹಾಕಿದ. ವೆಬ್‌ಸೈಟಿನಲ್ಲಿ ಅಕ್ಷರ ಕಾಣಬೇಕಾದರೆ ನೋಡುವವರ ಬ್ರೌಸರಿಗೆ ಫಾಂಟ್ ಫೈಲೇ ಇಳಿದು ಬರಬೇಕು. ಹಾಗಾಗಿ ಯಾವ ಸೈಟ್ ಯಾವ ಫಾಂಟ್ ಬಳಸಿದೆ ಎಂದು ಯಾರು ಬೇಕಾದರೂ ಕಂಡುಹಿಡಿಯಬಹುದು. ಡಬ್ಬಿಯ ಮೇಲಿದ್ದಾಗಲೂ ತಪ್ಪೇ, ವೆಬ್‌ಸೈಟಿಗೆ ಹೋದ ಮೇಲೆ ಎದ್ದು ಕಂಡಿತು. ಫಾಂಟ್ ಮಾಡಿದವರಿಂದ ಮೇಲ್ ಬಂತು, ಅದೂ ನನಗಲ್ಲ, ಕಾಕಾಗೆ. ಲೈಸೆನ್ಸ್ ತೋರಿಸಿ, ಇಲ್ಲವಾದರೆ ಕೊಳ್ಳಿ ಎಂದು.

ಕಾಕಾ ಪ್ರಿಂಟ್ ಹಿಡಿದುಕೊಂಡು ಅಂಗಡಿಗೆ ಬಂದರು. "ಡಬ್ಬಿ ಮಾಡಾಕ ನಾ ನಿನಗ ರೊಕ್ಕಾ ಕೊಟ್ಟೀನಲ್ಲಪಾ. ಮತ್ತ ಇವರ್ಯಾರು ಕೇಳಾಕತ್ತಾರ?"

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಲು ಒಂದು ಲೈಸೆನ್ಸ್, ವೆಬ್‌ಸೈಟಿಗೆ ಇನ್ನೊಂದು, ಎರಡನ್ನೂ ನಾನೇ ಕೊಂಡೆ. ಡಬ್ಬಿಯ ಡಿಸೈನಿಗೆ ತಗೊಂಡದ್ದಕ್ಕಿಂತ ಜಾಸ್ತಿ ಹೋಯಿತು. ಗೋಡೌನಿನಲ್ಲಿದ್ದ ಡಬ್ಬಿಗಳನ್ನು ಹಾಳು ಮಾಡಬೇಕಾಗಲಿಲ್ಲ, ಅದೊಂದೇ ಸಮಾಧಾನ.

ಈಗ ಗೂಗಲ್ ಫಾಂಟ್ಸ್ ವಿಷಯ. ಇಲ್ಲಿನ ಕನ್ನಡ ಫಾಂಟ್‌ಗಳಲ್ಲಿ ನಾನು ಬಳಸುವವೆಲ್ಲ ಓಪನ್ ಫಾಂಟ್ ಲೈಸೆನ್ಸ್ ಅಡಿ ಬರುತ್ತವೆ. ಎಸ್‌ಐಎಲ್ ಸಂಸ್ಥೆ ರೂಪಿಸಿದ ಲೈಸೆನ್ಸ್ ಇದು, ಈಗಿರುವ 1.1 ಆವೃತ್ತಿ 2007ರದ್ದು. ಡೌನ್‌ಲೋಡ್ ಮಾಡಿದ ಜಿಪ್‌ನಲ್ಲಿ `OFL.txt` ಎಂಬ ಫೈಲ್ ಇರುತ್ತದೆ, ಒಮ್ಮೆ ಓದಿ, ಉದ್ದ ಏನಿಲ್ಲ. ಇದರಿಂದ ಮಾಡಿದ ಡಬ್ಬಿ, ಬೋರ್ಡ್, ಲೋಗೋ ಎಲ್ಲವನ್ನೂ ಮಾರಬಹುದು. ಇಷ್ಟೇ ಪ್ರತಿ ಹೊಡೆಯಬೇಕೆಂಬ ಮಿತಿಯೂ ಇಲ್ಲ. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ಅಕ್ಷರ ತಿದ್ದಿ ಹೊಸ ಫಾಂಟ್ ಫೈಲ್ ಮಾಡಿದರೆ ಅದೂ ಇದೇ ಲೈಸೆನ್ಸಿನಲ್ಲಿ ಇರಬೇಕು, ಮೂಲದವರು ಹೆಸರನ್ನು ಕಾಯ್ದಿರಿಸಿಕೊಂಡಿದ್ದರೆ ಬೇರೆ ಹೆಸರಿಡಬೇಕು. ಲೋಗೋಗಾಗಿ ಅಕ್ಷರವನ್ನು ಔಟ್‌ಲೈನ್ ಮಾಡಿ, ಅಂದರೆ ಬರೀ ಚಿತ್ರವಾಗಿಸಿ, ತಿದ್ದಿಕೊಳ್ಳುವುದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ನನಗೆ ಎಲ್ಲಕ್ಕಿಂತ ಅನುಕೂಲವಾದದ್ದು ಫಾಂಟನ್ನು ಬೇರೆಯವರಿಗೆ ಕೊಡಬಹುದು ಎಂಬುದು. ಕೆಲಸ ನನ್ನ ಕಂಪ್ಯೂಟರಿನಲ್ಲಿ ಮುಗಿಯುವುದಿಲ್ಲ ಅಲ್ವಾ? ಪ್ರೆಸ್ಸಿಗೆ ಹೋಗುತ್ತದೆ, ವೆಬ್‌ಸೈಟ್ ಹುಡುಗನಿಗೆ ಹೋಗುತ್ತದೆ, ಕೊನೆಗೆ ಗಿರಾಕಿಗೆ ಹೋಗುತ್ತದೆ. ಪ್ರೆಸ್ಸಿನವರು ಪ್ರತಿ ಸಲ ಕೇಳುವ ಮಾತು ಒಂದೇ: "ಫಾಂಟ್ ಕಳಸ್ರಿ ಸರ, ಇಲ್ಲಾಂದ್ರ ಅಕ್ಷರ ಒಡಿತಾವ." ದುಡ್ಡು ಕೊಟ್ಟು ಕೊಂಡ ಫಾಂಟ್ ಆದರೆ ಸಾಮಾನ್ಯವಾಗಿ ಹೀಗೆ ಕಳಿಸುವಂತಿಲ್ಲ. ಆ ಲೈಸೆನ್ಸ್ ಕೊಂಡವರಿಗೆ ಮಾತ್ರ. ಔಟ್‌ಲೈನ್ ಮಾಡಿದ ಪಿಡಿಎಫ್ ಕಳಿಸಬೇಕು. ಓಪನ್ ಲೈಸೆನ್ಸಿನ ಫಾಂಟ್ ಆದರೆ `OFL.txt` ಜೊತೆಗಿಟ್ಟು ಇಡೀ ಜಿಪ್ಪನ್ನೇ ಕಳಿಸುತ್ತೇನೆ.

ಒಂದು ಅಭ್ಯಾಸ ಮಾತ್ರ ಬಿಟ್ಟಿಲ್ಲ. ಔಟ್‌ಲೈನ್ ಮಾಡುವ ಮುಂಚಿನ ಪಿಡಿಎಫ್ ತೆಗೆದು ಪಾಪ್ಲರ್ ಎಂಬ ಉಚಿತ ಸಾಫ್ಟ್‌ವೇರಿನ ಈ ಕಮಾಂಡ್ ಓಡಿಸುತ್ತೇನೆ:

```
pdffonts dabbi.pdf
```

ಫೈಲಿನಲ್ಲಿರುವ ಎಲ್ಲ ಫಾಂಟಿನ ಹೆಸರೂ ಸಾಲಾಗಿ ಬರುತ್ತದೆ. ಅಕ್ರೋಬ್ಯಾಟ್ ಇದ್ದರೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಎಂಬಲ್ಲೂ ಇದೇ ಸಿಗುತ್ತದೆ. ಹೋದ ವರ್ಷ ಅದೇ ಕಾಕಾನ ಅರ್ಧ ಕಿಲೋ ಡಬ್ಬಿಯನ್ನು ಹೊಸದಾಗಿ ಮಾಡಿದಾಗ ಮೂರು ಹೆಸರು ಬರಬೇಕಿತ್ತು, ನಾಲ್ಕು ಬಂದವು. ಹುಡುಕಿದರೆ ಗಿರಾಕಿ ಕೊಟ್ಟ ಯಾವುದೋ ಹಳೆ ಲೇಬಲ್ಲಿನಿಂದ ವಿಳಾಸವನ್ನು ಕಾಪಿ ಮಾಡಿದ್ದೆ. ಅಲ್ಲಿನ ಪಿನ್‌ಕೋಡ್ ಸಾಲಿನಲ್ಲಿ ಇನ್ಯಾರದೋ ಫಾಂಟ್ ಉಳಿದುಕೊಂಡಿತ್ತು. ಕಣ್ಣಿಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಔಟ್‌ಲೈನ್ ಮಾಡಿದ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ, ಅಕ್ಷರ ಬರೀ ಚಿತ್ರವಾಗಿಬಿಟ್ಟಿರುತ್ತದೆ.

ಫೋಟೋಗಳಿಗೆ ಇಂಥ ಒಂದೇ ಜಾಗ ನನಗೆ ಸಿಕ್ಕಿಲ್ಲ. ಉಚಿತ ಫೋಟೋ ಸೈಟ್‌ಗಳ ಲೈಸೆನ್ಸ್ ಫೋಟೋ ತೆಗೆದವರ ಹಕ್ಕಿನ ಬಗ್ಗೆ ಹೇಳುತ್ತದೆ. ಫೋಟೋದಲ್ಲಿರುವವರು ಒಪ್ಪಿದ್ದಾರೋ ಇಲ್ಲವೋ ಎನ್ನುವುದಕ್ಕೆ ಅದು ಹೊಣೆಯಲ್ಲ. ಒಂದು ಕವರಿಗೆ ಇಳಕಲ್ ಸೀರೆ ಉಟ್ಟ ಹೆಣ್ಣುಮಗಳ ಫೋಟೋ ಬೇಕಿತ್ತು. ಉಚಿತವಾಗಿ ಸಿಕ್ಕಿದ್ದನ್ನು ಬಿಟ್ಟು, ಅಂಗಡಿಯವರ ಮನೆಯಲ್ಲೇ ಸೀರೆ ಹಾಸಿ ಸೆರಗಿನ ಫೋಟೋ ನಾನೇ ತೆಗೆದೆ. ಮುಖವೇ ಬೇಕಾದಾಗ ಅವರಿಂದ ಒಂದು ಹಾಳೆಯ ಮೇಲೆ ಸಹಿ ತಗೋತೀನಿ. ಯಾವ ಕೆಲಸಕ್ಕೆ, ಎಲ್ಲೆಲ್ಲಿ ಬಳಸುತ್ತೇವೆ ಎಂದು ಅದರಲ್ಲೇ ಬರೆದಿರುತ್ತೇನೆ.

ಇನ್ನು ಅಕ್ಷರಗಳ ಗುಣ. ಅನೇಕ್ ಕನ್ನಡ ನನ್ನ ಅಚ್ಚುಮೆಚ್ಚು. ತೆಳುವಿನಿಂದ ದಪ್ಪದವರೆಗೆ ಬರುತ್ತದೆ, ಅಗಲವನ್ನೂ ಕಿರಿದು ಮಾಡಬಹುದು. ಡಬ್ಬಿಯ ಪಕ್ಕದಲ್ಲಿ ಪದಾರ್ಥಗಳ ಪಟ್ಟಿ ಹಿಡಿಸಲು ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಸ್ವೀಟ್ ಅಂಗಡಿಯ ಬೋರ್ಡಿಗೆ ಬಾಲೂ ತಮ್ಮ ಗುಂಡಗೆ, ತುಂಬಿಕೊಂಡು ಕಾಣುತ್ತದೆ. ಆಮಂತ್ರಣಕ್ಕೆ ತಿರೋ ಕನ್ನಡ. ಆದರೆ ಕೈಬರಹದಂಥ, ಹಬ್ಬದ ಪೋಸ್ಟರಿಗೆ ಒಪ್ಪುವಂಥ ಕನ್ನಡ ಅಕ್ಷರಗಳು ಇಲ್ಲಿ ತೀರಾ ಕಡಿಮೆ. ಮದುವೆ ಕಾರ್ಡಿನ ಹೆಸರುಗಳನ್ನು ಈಗಲೂ ಕೈಯಲ್ಲಿ ಬರೆದು ಸ್ಕ್ಯಾನ್ ಮಾಡುತ್ತೇನೆ.

ಇನ್ನೊಂದು ತೊಂದರೆ, ನುಡಿ ಫಾಂಟಿನ ಹಳೆ ಸಂಕೇತಕ್ಕೆ ಒಗ್ಗಿದ ಪ್ರೆಸ್ಸುಗಳದ್ದು. ಗೂಗಲ್ ಫಾಂಟ್ಸ್‌ನವು ಯೂನಿಕೋಡ್ ಅಕ್ಷರಗಳು, ಅಲ್ಲಿನ ಹಳೆ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಚದುರುತ್ತವೆ. ಇಲಸ್ಟ್ರೇಟರಿನಲ್ಲೂ ಮೊದಲಿಗೆ ನನಗೆ ಹಾಗೇ ಆಗಿತ್ತು. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿದ ಮೇಲೆ ಸರಿಯಾಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಹಬ್ಬದ ಅಕ್ಷರಗಳ ಕೊರತೆಗೆ. ಕಾಕಾ ಈಗ ಪ್ರತಿ ಡಬ್ಬಿಯ ಜೊತೆ ಪೆನ್‌ಡ್ರೈವ್ ತಗೊಂಡು ಹೋಗುತ್ತಾರೆ. ಡಿಸೈನ್, ಫಾಂಟಿನ ಜಿಪ್, ಫೋಟೋದ ಸಹಿ ಹಾಳೆಯ ಸ್ಕ್ಯಾನ್, ಮೂರೂ ಅದರಲ್ಲಿವೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಿದ ಮೇಲೆಯೇ ಬಿಲ್ ಕೊಡುತ್ತಾರೆ.