ಮ್ಯಾಚ್ ಕಟ್ ಹಾಕಬೇಕೋ, ಡಿಸಾಲ್ವ್ ಹಾಕಬೇಕೋ?

ಒಂದು ಶಾಟ್‌ನ ಕೊನೆಗೂ ಮುಂದಿನದರ ಆರಂಭಕ್ಕೂ ಆಕಾರದಲ್ಲೋ ಚಲನೆಯಲ್ಲೋ ಹೋಲಿಕೆಯಿಟ್ಟು ನೇರವಾಗಿ ಕತ್ತರಿಸಿದರೆ ಅದು ಮ್ಯಾಚ್ ಕಟ್. ಡಿಸಾಲ್ವ್‌ನಲ್ಲಿ ಮೊದಲನೆಯದು ಕರಗುತ್ತಿರುವಾಗಲೇ ಎರಡನೆಯದು ಮೂಡುತ್ತದೆ. ಎರಡೂ ಕಾಲ, ಜಾಗ ದಾಟಿಸುತ್ತವೆ. ಕಟ್ ತಾಳ ಹಾಕಿದಂತೆ ಬೀಳುತ್ತದೆ, ಡಿಸಾಲ್ವ್ ಉಸಿರು ಬಿಟ್ಟಂತೆ ಇಳಿಯುತ್ತದೆ.

ಮೇಲಿನಿಂದ ತೆಗೆದ ಬೀಸುವ ಕಲ್ಲು, ಅಲ್ಲಿಂದ ಬಸ್ಸಿನ ಚಕ್ರಕ್ಕೆ ಹೋಗಬೇಕು ಎಂದುಕೊಳ್ಳಿ. ಮ್ಯಾಚ್ ಕಟ್‌ಗೆ ಎರಡೂ ವೃತ್ತಗಳು ಚೌಕಟ್ಟಿನ ಒಂದೇ ಜಾಗದಲ್ಲಿ, ಹೆಚ್ಚುಕಮ್ಮಿ ಒಂದೇ ಗಾತ್ರದಲ್ಲಿ, ಒಂದೇ ದಿಕ್ಕಿಗೆ ತಿರುಗುತ್ತಿರಬೇಕು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡನೇ ಶಾಟನ್ನು ಮೊದಲನೆಯದರ ಮೇಲಿನ ಟ್ರ್ಯಾಕ್‌ಗಿಟ್ಟು, ಕೆಳಗಿನದು ಕಾಣುವಂತೆ ಒಪಾಸಿಟಿ 50%ಗೆ ಇಳಿಸಿದರೆ ಅಂಚುಗಳು ಎಲ್ಲಿ ತಪ್ಪಿವೆ ಎಂದು ಕಾಣುತ್ತದೆ. ಕೈ ನಿಂತ ಮೇಲೆ ಕತ್ತರಿಸಬೇಡಿ, ಕಲ್ಲು ತಿರುಗುತ್ತಿರುವಾಗಲೇ ಕತ್ತರಿಸಿ. ನಿಂತ ಚಲನೆ ಲಯವನ್ನೂ ನಿಲ್ಲಿಸುತ್ತದೆ. ಚಕ್ರ ಉಲ್ಟಾ ತಿರುಗಿದರೆ ನೋಡುವವರಿಗೆ ಹೋಲಿಕೆಗಿಂತ ಮೊದಲು ಎಡವಟ್ಟೇ ತಟ್ಟುತ್ತದೆ. ಇದು ಎಡಿಟಿಂಗ್ ಟೇಬಲ್‌ನಲ್ಲಲ್ಲ, ಚಿತ್ರೀಕರಣದಲ್ಲೇ ಯೋಚಿಸಬೇಕಾದದ್ದು.

ಡಿಸಾಲ್ವ್ ಇಷ್ಟು ಕಟ್ಟುನಿಟ್ಟಲ್ಲ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಒಂದು ಸೆಕೆಂಡಿನ ಡಿಸಾಲ್ವ್ ಕಟ್‌ನ ಎರಡೂ ಬದಿಗೆ ಸಮನಾಗಿ ಕೂರಬೇಕಾದರೆ ಎರಡೂ ಶಾಟ್‌ಗಳಲ್ಲಿ ಕಟ್‌ನ ಆಚೆಗೆ ತಲಾ 12 ಫ್ರೇಮ್ ಹೆಚ್ಚುವರಿ ಉಳಿದಿರಬೇಕು, ಅಷ್ಟೇ. ನೆನಪು, ನಿಧಾನವಾಗಿ ಸರಿದ ದಿನಗಳು, ಇಂಥದ್ದಕ್ಕೆ ಇದೇ ಸರಿ.

ಗೊಂದಲವಿದ್ದರೆ ಮೊದಲು ನೇರ ಕಟ್ ನೋಡಿ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಉರಿಯುವ ಬೆಂಕಿಕಡ್ಡಿ ಊದಿದೊಡನೆ ಮರುಭೂಮಿಯ ಸೂರ್ಯೋದಯ ಬರುತ್ತದೆ. ಅಲ್ಲಿ ಯೋಜಿಸಿದ್ದು ಡಿಸಾಲ್ವ್. ಸಂಕಲನಕಾರ್ತಿ ಆನ್ ಕೋಟ್ಸ್ ಮತ್ತು ನಿರ್ದೇಶಕ ಡೇವಿಡ್ ಲೀನ್, ನೇರವಾಗಿ ಜೋಡಿಸಿದ್ದನ್ನು ನೋಡಿ ಅದನ್ನೇ ಉಳಿಸಿಕೊಂಡರು.