ತೋಟದ ನಲ್ಲಿಗೆ ಎನ್‌ಆರ್‌ವಿ, ವ್ಯಾಕ್ಯೂಮ್ ಬ್ರೇಕರ್, ಇಲ್ಲಾ ಬರೀ ಗ್ಯಾಪ್: ಮೂರನ್ನೂ ಹಾಕಿ ನೋಡಿದೆ

ನಮ್ಮದು ಬೆಂಗಳೂರಿನ ಇಳಿಜಾರಿನ ರಸ್ತೆಯಲ್ಲಿ ಮೇಲ್ಗಡೆಯ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಮೀಟರ್ ದಾಟಿದ ಮೇಲೆ ಆ ಲೈನು ಮೂರು ಕವಲಾಗುತ್ತದೆ: ಒಂದು ಸಂಪಿಗೆ, ಒಂದು ಅಡುಗೆಮನೆಯ ಡೈರೆಕ್ಟ್ ನಲ್ಲಿಗೆ, ಇನ್ನೊಂದು ತೋಟದ ನಲ್ಲಿಗೆ. ತೋಟದ ನಲ್ಲಿಯ ಪೈಪಿನ ತುದಿ ಯಾವಾಗಲೂ ಇನ್ನೂರು ಲೀಟರಿನ ಡ್ರಮ್ಮಿನೊಳಗೆ ಮುಳುಗಿರುತ್ತಿತ್ತು. ಅದರಲ್ಲಿ ಬೇವಿನ ಹಿಂಡಿ, ಸಗಣಿ ನೆನೆಸಿದ ಗೊಬ್ಬರದ ನೀರು.

ಒಂದು ಬೆಳಿಗ್ಗೆ ಡೈರೆಕ್ಟ್ ನಲ್ಲಿಯಲ್ಲಿ ಮೊದಲ ಎರಡು ಚೊಂಬು ನೀರು ಕಂದಾಗಿ, ಹಿಂಡಿ ವಾಸನೆ ಹೊಡೆಯುತ್ತಾ ಬಂತು. ಹೋಗಿ ನೋಡಿದರೆ ಡ್ರಮ್ಮಿನಲ್ಲಿ ಒಂದು ಗೇಣು ನೀರು ಕಡಿಮೆ. ಯಾರೂ ಗಿಡಕ್ಕೆ ಹಾಕಿರಲಿಲ್ಲ.

ಆಗಿದ್ದು ಇಷ್ಟು. ಸಪ್ಲೈ ನಿಂತಾಗ ರಸ್ತೆಯ ಪೈಪಿನ ನೀರು ಇಳಿಜಾರಿಗೆ ಹರಿದುಹೋಗುತ್ತದೆ, ಕೆಳಗಿನ ಮನೆಗಳಲ್ಲಿ ಯಾರಾದರೂ ಲೈನಿಗೇ ಮೋಟಾರ್ ಹಾಕಿ ಎಳೆದರೆ ಇನ್ನೂ ಜೋರಾಗಿ, ಆಗ ನಮ್ಮ ಪೈಪಿನೊಳಗೆ ಹೀರುವ ಒತ್ತಡ ಹುಟ್ಟಿ, ತೆರೆದೇ ಬಿಟ್ಟಿದ್ದ ತೋಟದ ನಲ್ಲಿಯ ಮೂಲಕ ಡ್ರಮ್ಮಿನ ನೀರು ಹಿಂದಕ್ಕೆ ಬರುತ್ತದೆ. ಮತ್ತೆ ಸಪ್ಲೈ ಬಂದಾಗ ಪೈಪಿನಲ್ಲಿ ಉಳಿದದ್ದನ್ನು ಅಡುಗೆಮನೆಗೆ ತಳ್ಳುತ್ತದೆ. ಪ್ರತಿ ಸಲ ಯಾಕೆ ಹೀಗಾಗುತ್ತಿರಲಿಲ್ಲ ಅಂತ ಯೋಚಿಸಿದೆ. ಸಂಪು ಅರ್ಧ ಇದ್ದ ದಿನ ಅದರ ಫ್ಲೋಟ್ ವಾಲ್ವ್ ತೆರೆದಿರುತ್ತದೆ, ಅಲ್ಲಿಂದ ಗಾಳಿ ನುಗ್ಗಿ ಹೀರುವಿಕೆ ಮುರಿದುಹೋಗುತ್ತದೆ. ಆ ದಿನ ಸಂಪು ತುಂಬಿತ್ತು, ವಾಲ್ವ್ ಮುಚ್ಚಿತ್ತು. ನಮ್ಮ ಕೈಗೆ ಬಂದದ್ದು ಉಳಿದ ಸ್ವಲ್ಪ, ಜಾಸ್ತಿ ಭಾಗ ಕೆಳಗಿನ ಮನೆಗಳ ಕಡೆಗೆ ಹೋಗಿರಬೇಕು. ಅದು ನನಗೆ ತುಂಬಾ ಬೇಸರ ತಂದ ವಿಷಯ. ಪಕ್ಕದ ಮನೆಯವರಿಗೆ ಹೇಳಿ, ನೀರು ಕುದಿಸಿ ಕುಡಿಯಿರಿ ಅಂದೆ.

ಆಮೇಲೆ ನೀರು ಹೀಗೆ ಹಿಂದಕ್ಕೆ ಬರದಂತೆ ತಡೆಯುವ ಸಾಧನಗಳನ್ನು ಒಂದೊಂದಾಗಿ ತಂದು ಪರೀಕ್ಷೆ ಮಾಡಿದೆ. ಕುಡಿಯುವ ಲೈನಿನಲ್ಲಿ ಅಲ್ಲ, ಟೆರೇಸಿನ ಮೇಲೆ. ಬೀಟ್‌ರೂಟ್ ಕುದಿಸಿದ ನೀರಿನ ಬಕೆಟ್ ಮೇಲಿಟ್ಟು ಅದರಲ್ಲಿ ತೋಟದ ಪೈಪಿನ ತುದಿ ಮುಳುಗಿಸಿದೆ. ಮಧ್ಯೆ ಪರೀಕ್ಷೆ ಮಾಡುವ ವಾಲ್ವ್. ಅದರ ಆಚೆಗೆ ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು, ಹತ್ತು ಅಡಿ ಕೆಳಕ್ಕೆ ಇಳಿಬಿಟ್ಟು, ಒಳ್ಳೆ ನೀರು ತುಂಬಿ ಬುಡ ಮುಚ್ಚಿದ್ದು. ಬುಡ ಬಿಟ್ಟ ಕೂಡಲೇ ಹತ್ತು ಅಡಿ ನೀರಿನ ತೂಕ ಮೇಲಿನದನ್ನು ಎಳೆಯುತ್ತದೆ. ಲೆವೆಲ್ ಪೈಪಿನಲ್ಲಿ ಕೆಂಪು ಇಳಿದರೆ ವಾಲ್ವ್ ಸೋತಿತು ಅಂತ ಲೆಕ್ಕ.

ಮೊದಲು ಅಂಗಡಿಯವರು ಕೊಡುವ ಹಿತ್ತಾಳೆಯ ಸಾದಾ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ನಾನ್-ರಿಟರ್ನ್ ವಾಲ್ವ್. ಒಳಗೆ ಬಾಗಿಲಿನಂತೆ ಜೋತಾಡುವ ಒಂದು ಮುಚ್ಚಳ, ಅಷ್ಟೇ. ಹೊಸದು ಹತ್ತು ಅಡಿ ಎಳೆತಕ್ಕೆ ಗಟ್ಟಿಯಾಗಿ ನಿಂತಿತು. ಆದರೆ ಲೆವೆಲ್ ಪೈಪನ್ನು ಎತ್ತಿ ಎಳೆತವನ್ನು ಒಂದೇ ಅಡಿಗೆ ಇಳಿಸಿದಾಗ ಕೆಂಪು ಎಳೆಎಳೆಯಾಗಿ ಇಳಿಯಿತು. ಮುಚ್ಚಳವನ್ನು ಸೀಟಿಗೆ ಒತ್ತಿ ಹಿಡಿಯುವುದು ಹಿಂದಕ್ಕೆ ಬರುವ ಒತ್ತಡವೇ, ಅದು ಕಡಿಮೆಯಾದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಅದನ್ನೇ ತೋಟದ ಕವಲಿಗೆ ಹಾಕಿ ಐದು ತಿಂಗಳ ಮೇಲೆ ಬಿಚ್ಚಿ ಮತ್ತೆ ಪರೀಕ್ಷಿಸಿದೆ. ಸೀಟಿನಲ್ಲಿ ಮರಳಿನ ಎರಡು ಕಾಳು ಸಿಕ್ಕಿಕೊಂಡಿತ್ತು, ಹತ್ತು ಅಡಿಗೂ ಸೋರಿತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನನಗೆ ಇದರ ದೊಡ್ಡ ದೋಷ ಅಂದರೆ ಇದೇ.

ಸ್ಪ್ರಿಂಗ್ ಇರುವ ಎನ್‌ಆರ್‌ವಿ ಇದಕ್ಕಿಂತ ವಾಸಿ. ಒಂದು ಅಡಿ ಎಳೆತಕ್ಕೂ ಒಂದು ಹನಿ ಬಿಡಲಿಲ್ಲ. ಆದರೆ ಸ್ಪ್ರಿಂಗನ್ನು ತಳ್ಳಲು ನೀರಿಗೆ ಸ್ವಲ್ಪ ಒತ್ತಡ ಬೇಕು, ಓವರ್‌ಹೆಡ್ ಟ್ಯಾಂಕಿನಿಂದ ಬರುವ ಲೈನಿಗೆ ಹಾಕಿದರೆ ನೀರಿನ ಜೋರು ಕಡಿಮೆಯಾಗುತ್ತದೆ. ಮರಳಿನ ತೊಂದರೆ ಇದಕ್ಕೂ ತಪ್ಪಿದ್ದಲ್ಲ.

ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಪ್ಲಂಬರ್ "ಮೀಟರ್ ಹತ್ರ ಒಂದು ಹಾಕಿದ್ರೆ ಸಾಕು ಸಾರ್" ಅಂದರು. ಅದು ರಸ್ತೆಯವರನ್ನು ಕಾಪಾಡುತ್ತದೆ, ನಮ್ಮನ್ನಲ್ಲ. ಡ್ರಮ್ಮೂ ಅಡುಗೆಮನೆಯೂ ಎರಡೂ ಮೀಟರಿನ ಈಚೆಗೇ ಇವೆ ಅಲ್ವಾ? ಹಾಗಾಗಿ ತೋಟಕ್ಕೆ ಕವಲೊಡೆಯುವ ಜಾಗದಲ್ಲೇ ಹಾಕಿಸಿದೆ, ಬಿಚ್ಚಿ ತೊಳೆಯಲು ಎರಡೂ ಕಡೆ ಯೂನಿಯನ್ ಕೊಟ್ಟು.

ಇನ್ನು ಗಾಳಿಯನ್ನು ಒಳಗೆ ಬಿಟ್ಟು ಹೀರುವಿಕೆಯನ್ನು ಮುರಿಯುವ ವ್ಯಾಕ್ಯೂಮ್ ಬ್ರೇಕರ್. ಬೆರಳುದ್ದದ ಹಿತ್ತಾಳೆಯ ತುಂಡು, ನಲ್ಲಿಯ ಬಾಯಿಗೂ ಪೈಪಿಗೂ ಮಧ್ಯೆ ತಿರುಗಿಸಿ ಹಾಕುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಮೊದಲು ಬಂದದ್ದು ಅಮೆರಿಕದ ತೋಟದ ಪೈಪಿನ ಥ್ರೆಡ್ಡಿನದು, ಇಂಚಿಗೆ ಹನ್ನೊಂದೂವರೆ ಸುತ್ತು. ನಮ್ಮ ಮುಕ್ಕಾಲು ಇಂಚಿನ ಬಿಎಸ್‌ಪಿ ಥ್ರೆಡ್ ಇಂಚಿಗೆ 14 ಸುತ್ತು. ಒಂದು ಸುತ್ತು ಕೂತು ಅಲ್ಲೇ ಬಿಗಿಯಾಯಿತು, ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಸೋರಿಕೆ ನಿಲ್ಲಲಿಲ್ಲ. ಕೊಳ್ಳುವಾಗ ಬಿಎಸ್‌ಪಿ ಅಂತ ಬರೆದಿದೆಯಾ ನೋಡಿ.

ಸರಿಯಾದದ್ದು ಬಂದ ಮೇಲೆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಇದೇ. ಬುಡ ಬಿಟ್ಟ ಕೂಡಲೇ ಪಕ್ಕದ ತೂತುಗಳಿಂದ ಗಾಳಿ ಸುಯ್ ಅಂತ ಒಳಗೆ ಹೋಯಿತು, ಲೆವೆಲ್ ಪೈಪು ಖಾಲಿಯಾಯಿತು, ಬಕೆಟ್ಟಿನ ಕೆಂಪು ನೀರು ಕದಲಲೇ ಇಲ್ಲ. ನಲ್ಲಿ ಮುಚ್ಚಿದಾಗ ತೂತಿನಿಂದ ಸ್ವಲ್ಪ ನೀರು ಚಿಮ್ಮುತ್ತದೆ, ಅದು ಸಹಜ. ನೀರು ಹರಿಯುತ್ತಿರುವಾಗಲೇ ತೂತಿನಿಂದ ಜಿನುಗಿದರೆ ಒಳಗಿನ ರಬ್ಬರ್ ಹೋಗಿದೆ ಅಂತ ಅರ್ಥ. ಎನ್‌ಆರ್‌ವಿ ಕೊಡದ ಸೂಚನೆಯನ್ನು ಇದು ಕೊಡುತ್ತದೆ. ಒಂದು ಕಟ್ಟಳೆ ಇದೆ: ಪೈಪಿನ ತುದಿಗೆ ಸ್ಪ್ರೇ ಗನ್ ಹಾಕಿ ಅದನ್ನು ಮುಚ್ಚಿ, ನಲ್ಲಿಯನ್ನು ತೆರೆದೇ ಬಿಟ್ಟು ಹೋಗಬಾರದು. ದಿನಗಟ್ಟಲೆ ಒತ್ತಡದಲ್ಲೇ ಇದ್ದರೆ ರಬ್ಬರ್ ಅಂಟಿಕೊಂಡು, ಬೇಕಾದಾಗ ಬಿಡುವುದಿಲ್ಲ.

ಗ್ಯಾಪ್ ಅಂದರೆ ಪೈಪಿನ ತುದಿ ನೀರಿಗೆ ತಾಗದ ಹಾಗೆ ಮೇಲೆ ನಿಲ್ಲಿಸುವುದು. ಪೈಪಿನ ಒಳಗಾತ್ರದ ಎರಡರಷ್ಟು ಅಂತರ ಬೇಕು, ಎಷ್ಟೇ ಸಣ್ಣ ಪೈಪಾದರೂ 25 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಅಳೆಯುವುದು ಈಗಿರುವ ನೀರಿನ ಮಟ್ಟದಿಂದಲ್ಲ, ಡ್ರಮ್ಮಿನ ಅಂಚಿನಿಂದ. ನಾನು ಕಬ್ಬಿಣದ ಸರಳು ಬಗ್ಗಿಸಿ ಅಂಚಿನಿಂದ ನಾಲ್ಕು ಬೆರಳು ಮೇಲೆ ಪೈಪು ಕಟ್ಟಿದೆ. ತುಕ್ಕು, ಮರಳು, ರಬ್ಬರ್ ಯಾವುದರ ಚಿಂತೆಯೂ ಇಲ್ಲ. ಆದರೆ ಮೂರನೇ ವಾರದಲ್ಲೇ ಮನೆಯಲ್ಲಿ ಯಾರೋ ಪೈಪು ಬಿಚ್ಚಿ ಗಿಡಕ್ಕೆ ನೀರು ಬಿಟ್ಟು, ವಾಪಸ್ ಡ್ರಮ್ಮಿಗೇ ಇಳಿಬಿಟ್ಟಿದ್ದರು. ಅದಕ್ಕೇ ನಾನು ಗ್ಯಾಪ್ ಒಂದನ್ನೇ ನಂಬಿಕೊಳ್ಳಲಿಲ್ಲ, ನಲ್ಲಿಗೆ ಬ್ರೇಕರ್ ಕೂಡ ಇಟ್ಟಿದ್ದೇನೆ. ಸಂಪಿನೊಳಗೆ ಬೀಳುವ ಪೈಪನ್ನು ಸದ್ದು ಕಡಿಮೆಯಾಗಲಿ ಅಂತ ಸಂಪು ತುಂಬಿದಾಗ ಮುಳುಗುವಷ್ಟು ಕೆಳಕ್ಕೆ ಇಳಿಸಿದ್ದರು, ಅದನ್ನೂ ಕತ್ತರಿಸಿ ಮೇಲೆತ್ತಿಸಿದೆ.

ಬ್ರೇಕರ್ ಕೆಲಸ ಮಾಡದ ಜಾಗ ಒಂದಿದೆ: ಬೋರ್ ಲೈನು ಕಾವೇರಿ ಲೈನಿಗೆ ಸೇರುವ ಕಡೆ. ಅಲ್ಲಿ ಹೀರುವಿಕೆ ಅಲ್ಲ, ಬೋರ್ ಮೋಟಾರ್ ತಳ್ಳುತ್ತದೆ. ನಮ್ಮಲ್ಲಿ ಎರಡರ ನಡುವೆ ಒಂದು ಬಾಲ್ ವಾಲ್ವ್ ಮಾತ್ರ ಇತ್ತು. ಅದು ಸೋರುತ್ತಿದೆಯಾ ಅಂತ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹಿಡಿದು ನೋಡಿದೆ. ನಮ್ಮ ಕಾವೇರಿ ನೀರು 200ರ ಆಸುಪಾಸು, ಬೋರ್ 900. ಬೋರ್ ಮೋಟಾರ್ ಓಡುವಾಗ ಡೈರೆಕ್ಟ್ ನಲ್ಲಿಯಲ್ಲಿ 430 ಬಂತು. ವಾಲ್ವ್ ಬದಲಾಯಿಸುವ ಬದಲು ಆ ತುಂಡು ಪೈಪನ್ನೇ ಯೂನಿಯನ್ ಬಿಚ್ಚಿ ತೆಗೆದು, ಎರಡೂ ಬಾಯಿಗೆ ಎಂಡ್ ಕ್ಯಾಪ್ ಹಾಕಿಸಿದೆ. ಈಗ ಮೋಟಾರ್ ಓಡುವಾಗಲೂ ಅದೇ ನಲ್ಲಿಯಲ್ಲಿ 200ರ ಹತ್ತಿರವೇ ತೋರಿಸುತ್ತದೆ.